ಆ್ಯಪ್ ಹೇಳಿದ್ದನ್ನೆಲ್ಲ ನಂಬದ ಸರ್ವರ್

2016ರ ಜುಲೈ ಮೊದಲ ವಾರ ಅಮೆರಿಕ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ‘ಪೋಕೆಮಾನ್ ಗೋ’ ಎಂಬ ಮೊಬೈಲ್ ಆಟ ಬಿಡುಗಡೆಯಾಯಿತು. ಇದನ್ನು ಕುಳಿತಲ್ಲೇ ಆಡುವಂತಿಲ್ಲ. ಫೋನ್ ಹಿಡಿದು ಬೀದಿ, ಪಾರ್ಕು, ಬಸ್ ನಿಲ್ದಾಣ ಸುತ್ತಬೇಕು. ಆಟಗಾರ ಎಲ್ಲಿದ್ದಾನೆ ಎಂಬುದನ್ನು ಆ್ಯಪ್ ಜಿಪಿಎಸ್‌ನಿಂದ ತಿಳಿದು ಕಂಪನಿಯ ಸರ್ವರ್‌ಗೆ ಹೇಳುತ್ತದೆ. ಆ ಜಾಗದಲ್ಲಿ ಯಾವ ಪ್ರಾಣಿ ಅಡಗಿದೆ ಎಂಬುದನ್ನು ಸರ್ವರ್ ತಿರುಗಿ ಹೇಳುತ್ತದೆ. ಆಟ ಕಟ್ಟಿದ ನಯಾಂಟಿಕ್ ಕಂಪನಿ ಅಂದಾಜು ಮಾಡಿದ್ದಕ್ಕಿಂತ 50 ಪಟ್ಟು ದಟ್ಟಣೆ ಬಂತು ಎಂದು, ಸರ್ವರ್‌ಗಳಿಗೆ ಆಸರೆಯಾಗಿದ್ದ ಗೂಗಲ್ ಆಮೇಲೆ ತಿಳಿಸಿತು.

ಆ ದಟ್ಟಣೆಯೆಲ್ಲ ಆಟಗಾರರದ್ದೇ ಆಗಿರಲಿಲ್ಲ. ಯಾವ ಬೀದಿಯಲ್ಲಿ ಯಾವ ಪ್ರಾಣಿ ಇದೆ ಎಂದು ನಕ್ಷೆಯ ಮೇಲೆ ತೋರಿಸುವ ಹೊರಗಿನವರ ಸೇವೆಗಳು ಹುಟ್ಟಿಕೊಂಡಿದ್ದವು. ಅವರ ಪ್ರೋಗ್ರಾಂಗಳು ತಾವೇ ಆಟದ ಆ್ಯಪ್ ಎಂಬಂತೆ ಸೋಗು ಹಾಕಿ, ಊರಿನ ಒಂದೊಂದು ಬಿಂದುವಿನಲ್ಲೂ ನಿಂತಿದ್ದೇವೆ ಎಂದು ಹೇಳುತ್ತ, ಬಿಡುವಿಲ್ಲದೆ ಸರ್ವರನ್ನು ಕೇಳುತ್ತಿದ್ದವು. ಆಗಸ್ಟ್ 4ರಂದು ನಯಾಂಟಿಕ್‌ನ ಮುಖ್ಯಸ್ಥ ಜಾನ್ ಹ್ಯಾಂಕಿ ಹೊರಡಿಸಿದ ಪ್ರಕಟಣೆಯಲ್ಲಿ ಒಂದು ಗ್ರಾಫ್ ಇತ್ತು. ಹೊರಗಿನವರ ದಾರಿ ಮುಚ್ಚಿದ ಕೂಡಲೇ ಸರ್ವರ್ ಮೇಲಿನ ಹೊರೆ ಕಡಿದಾಗಿ ಇಳಿದದ್ದು ಅದರಲ್ಲಿ ಕಾಣುತ್ತಿತ್ತು. ಬ್ರೆಜಿಲ್ ಸೇರಿದಂತೆ ಲ್ಯಾಟಿನ್ ಅಮೆರಿಕದಲ್ಲಿ ಆಟದ ಬಿಡುಗಡೆ ತಡವಾಗಲು ಈ ಹೊರೆಯೂ ಕಾರಣವೆಂದು ಕಂಪನಿ ಹೇಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜಿಯೋ ಜೊತೆಗೂಡಿ ಆಟ ಭಾರತಕ್ಕೆ ಬರುವ ಹೊತ್ತಿಗೆ ನಯಾಂಟಿಕ್ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿತಿತ್ತು.

ನಮ್ಮಲ್ಲಿ ಇಂದು ಹಾಲು ತರಿಸುವುದರಿಂದ ಹಿಡಿದು ವೈದ್ಯರ ಸಮಯ ಕಾಯ್ದಿರಿಸುವವರೆಗೆ ಎಲ್ಲಕ್ಕೂ ಆ್ಯಪ್ ಇದೆ. ಪ್ರತಿಯೊಂದರ ಹಿಂದೆಯೂ ಒಂದು ಸರ್ವರ್ ಇದೆ. ಈ ಕ್ಷೇತ್ರದವರು ಅದನ್ನು ಬ್ಯಾಕೆಂಡ್ ಎನ್ನುತ್ತಾರೆ. ಆ್ಯಪ್ ಜನರ ಕೈಗೆ ಹೋದ ಮೇಲೆ ಅದು ಕಟ್ಟಿದವರ ಹತೋಟಿಯಲ್ಲಿ ಇರುವುದಿಲ್ಲ, ಬ್ಯಾಕೆಂಡ್ ಮಾತ್ರ ಇರುತ್ತದೆ. ತಿದ್ದಿದ ಆ್ಯಪ್‌ಗಳ ಕಾಟದಿಂದ ಪಾರಾಗುವ ದಾರಿ ಇರುವುದೂ ಅಲ್ಲಿಯೇ.

ಒಂದು ಸಾಲು ತಿದ್ದಿದರೆ ಸಾಕು

ಟೆಲಿಗ್ರಾಂ ಗುಂಪುಗಳಲ್ಲಿ ‘ಮಾಡ್ ಎಪಿಕೆ’ ಎಂಬ ಹೆಸರಿನಲ್ಲಿ ಹರಿದಾಡುವ ಫೈಲುಗಳನ್ನು ಹಲವರು ನೋಡಿರುತ್ತಾರೆ. ಹಣ ಕೊಟ್ಟರೆ ಮಾತ್ರ ಸಿಗುವ ಸೌಲಭ್ಯ ಇವುಗಳಲ್ಲಿ ಪುಕ್ಕಟೆ ಎಂಬ ಭರವಸೆ ಇರುತ್ತದೆ. ಇವನ್ನು ತಯಾರಿಸಲು ಭಾರಿ ಪರಿಣತಿ ಬೇಕಾಗಿಲ್ಲ.

ಆಂಡ್ರಾಯ್ಡ್ ಆ್ಯಪ್‌ನ ಎಪಿಕೆ ಫೈಲ್ ಎಂದರೆ ವಾಸ್ತವದಲ್ಲಿ ಒಂದು ಜಿಪ್ ಫೈಲ್. `apktool` ಎಂಬ ಉಚಿತ ಸಾಧನ ಅದನ್ನು ಬಿಚ್ಚಿ, ಒಳಗಿನ ಸೂಚನೆಗಳನ್ನು ಓದಬಲ್ಲ ರೂಪದಲ್ಲಿ ಹರಡಿಡುತ್ತದೆ. ತಿದ್ದುವವನು ‘ಈ ಬಳಕೆದಾರ ಚಂದಾದಾರನೇ?’ ಎಂದು ಕೇಳುವ ಭಾಗವನ್ನು ಹುಡುಕುತ್ತಾನೆ. ಆಮೇಲೆ ಅಲ್ಲಿದ್ದುದನ್ನು ಅಳಿಸಿ ಇಷ್ಟು ಬರೆಯುತ್ತಾನೆ:

```smali
.method public isPremium()Z
    .locals 1
    const/4 v0, 0x1
    return v0
.end method
```

‘ಯಾರೇ ಕೇಳಲಿ, ಹೌದು ಎನ್ನು’ ಎಂಬುದಷ್ಟೇ ಇದರ ಅರ್ಥ. ನಂತರ ಫೈಲುಗಳನ್ನು ಮತ್ತೆ ಕಟ್ಟಿ, ತನ್ನದೇ ಕೀಲಿಯಿಂದ ಡಿಜಿಟಲ್ ಸಹಿ ಹಾಕುತ್ತಾನೆ. ಪ್ರತಿ ಆ್ಯಪ್‌ಗೂ ಸಹಿ ಇರಲೇಬೇಕು ಎಂದು ಆಂಡ್ರಾಯ್ಡ್ ಕೇಳುತ್ತದೆ. ಆದರೆ ಅದು ಮೂಲ ಕಂಪನಿಯದೇ ಸಹಿಯಾಗಿರಬೇಕು ಎಂದು ಕೇಳುವುದಿಲ್ಲ. ಫೋನಿನಲ್ಲಿ ಅಸಲಿ ಆ್ಯಪ್ ಇದ್ದರೆ ಅದರ ಮೇಲೆ ಬೇರೆ ಸಹಿಯ ಆ್ಯಪ್ ಕೂರದು, ಅಷ್ಟೆ. ಇಂಥ ಫೈಲುಗಳ ಜೊತೆ ‘ಮೊದಲು ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿ’ ಎಂಬ ಸೂಚನೆ ಬರುವುದು ಇದೇ ಕಾರಣಕ್ಕೆ.

ಆ್ಯಪ್‌ನೊಳಗೆ ಗುಟ್ಟಾದ ಸಂಕೇತವೊಂದನ್ನು ಅಡಗಿಸಿಟ್ಟು, ಅದನ್ನು ಬಲ್ಲ ಆ್ಯಪ್‌ಗೆ ಮಾತ್ರ ಸರ್ವರ್ ಉತ್ತರಿಸುವಂತೆ ಮಾಡಬಹುದಲ್ಲ ಎಂದು ಯಾರಿಗಾದರೂ ತೋಚುತ್ತದೆ. ನಯಾಂಟಿಕ್ ಕೂಡ 2016ರ ಆಗಸ್ಟ್‌ನಲ್ಲಿ ಅದನ್ನೇ ಮಾಡಿತು. ಆ್ಯಪ್ ಕಳಿಸುವ ಪ್ರತಿ ರಿಕ್ವೆಸ್ಟ್‌ನಲ್ಲೂ ಒಂದು ಗೂಢ ಸಹಿ ಇರಬೇಕೆಂಬ ನಿಯಮ ಜಾರಿಗೆ ಬಂತು. ಹೊರಗಿನ ಪ್ರೋಗ್ರಾಮರ್‌ಗಳು ಆ ಭಾಗಕ್ಕೆ `unknown6` ಎಂದು ಹೆಸರಿಟ್ಟು, ಹತ್ತಾರು ಜನ ಸೇರಿ ಆ್ಯಪ್ ಬಿಚ್ಚಿ ಕುಳಿತು, ಕೆಲವೇ ದಿನಗಳಲ್ಲಿ ಅದನ್ನು ಭೇದಿಸಿದರು. ಸಹಿ ಹಾಕುವ ವಿಧಾನ ಎಲ್ಲರ ಫೋನಿನಲ್ಲೂ ಇರುವಾಗ ಅದು ಗುಟ್ಟಾಗಿ ಉಳಿಯುವುದಾದರೂ ಹೇಗೆ? ಮುಂದೆ ‘ಗ್ಲೋಬಲ್ ಪ್ಲಸ್ ಪ್ಲಸ್’ ಎಂಬ ಗುಂಪು ಆಟದ ತಿದ್ದಿದ ಪ್ರತಿಯನ್ನೇ ಹಂಚತೊಡಗಿತು. ಮನೆಯಲ್ಲಿ ಕುಳಿತೇ ಪ್ಯಾರಿಸ್‌ನಲ್ಲಿ ಇದ್ದೇನೆ ಎಂದು ಸರ್ವರ್‌ಗೆ ಹೇಳುವ ಅನುಕೂಲ ಅದರಲ್ಲಿತ್ತು. ನಯಾಂಟಿಕ್ 2019ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಲಯಕ್ಕೆ ಹೋಯಿತು, 2021ರಲ್ಲಿ ಪ್ರಕರಣ 50 ಲಕ್ಷ ಡಾಲರ್‌ಗೆ ಇತ್ಯರ್ಥವಾಯಿತು. ಅಷ್ಟು ದೊಡ್ಡ ಕಂಪನಿಗೂ ನ್ಯಾಯಾಲಯದಿಂದ ಪರಿಹಾರ ಸಿಗಲು ಒಂದೂವರೆ ವರ್ಷ ಹಿಡಿಯಿತು. ಸಣ್ಣ ಕಂಪನಿಗಳು ಆ ದಾರಿಯನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಹಾಗಾದರೆ ಗುರಿ ಏನಿರಬೇಕು? ತಿದ್ದಿದ ಪ್ರತಿ ಹುಟ್ಟದಂತೆ ನೋಡಿಕೊಳ್ಳುವುದು ಸಾಧ್ಯವಿಲ್ಲ. ಅಸಲಿ ಆ್ಯಪ್‌ನಿಂದ ಆಗದ್ದು ತಿದ್ದಿದ ಪ್ರತಿಯಿಂದಲೂ ಆಗದಂತೆ ನೋಡಿಕೊಳ್ಳುವುದು ಸಾಧ್ಯ. ಗುರಿ ಅಷ್ಟಿದ್ದರೆ ಸಾಕು.

ಲೆಕ್ಕ ಯಾರ ಬಳಿ ಇರಬೇಕು?

ಕನ್ನಡ ಕಥೆಗಳನ್ನು ಓದಿ ಕೇಳಿಸುವ ಆ್ಯಪ್ ಒಂದನ್ನು ಊಹಿಸಿಕೊಳ್ಳೋಣ. ಅದರಲ್ಲಿ 5,000 ಕಥೆಗಳಿವೆ. ಒಂದೊಂದು ಕಥೆಯ ಧ್ವನಿಮುದ್ರಣ ಸುಮಾರು 20 ನಿಮಿಷದ್ದು. ತಿಂಗಳಿಗೆ 99 ರೂಪಾಯಿ ಚಂದಾ. ಕೇಳುಗ ಒಂದು ಕಥೆಯನ್ನು ಒತ್ತಿದಾಗ ಆ್ಯಪ್ ಸರ್ವರ್‌ಗೆ ಹೀಗೊಂದು ರಿಕ್ವೆಸ್ಟ್ ಕಳಿಸುತ್ತದೆ ಎಂದಿಟ್ಟುಕೊಳ್ಳಿ:

```json
{"user": 4182, "story": 77, "premium": true}
```

ಇಲ್ಲಿ ಕೊನೆಯ ಪದವೇ ಅಪಾಯ. ಚಂದಾದಾರ ಹೌದೋ ಅಲ್ಲವೋ ಎಂಬುದನ್ನು ಆ್ಯಪ್ ಹೇಳುತ್ತಿದೆ, ಸರ್ವರ್ ಕೇಳಿಸಿಕೊಳ್ಳುತ್ತಿದೆ. ಬ್ಯಾಂಕಿನ ಕೌಂಟರಿನಲ್ಲಿ ಗ್ರಾಹಕ ತನ್ನ ಖಾತೆಯಲ್ಲಿ ಎಷ್ಟು ಹಣವಿದೆ ಎಂದು ತಾನೇ ಚೀಟಿಯಲ್ಲಿ ಬರೆದುಕೊಟ್ಟರೆ ಕ್ಯಾಷಿಯರ್ ಅದನ್ನು ನಂಬಿ ಹಣ ಎಣಿಸುವುದಿಲ್ಲ, ಲೆಡ್ಜರ್ ನೋಡುತ್ತಾನೆ. ಸರ್ವರ್ ಕೂಡ ಹಾಗೆಯೇ ನಡೆದುಕೊಳ್ಳಬೇಕು. `premium` ಎಂಬ ಪದ ರಿಕ್ವೆಸ್ಟ್‌ನಲ್ಲಿ ಇರಲೇಬಾರದು. ಇದ್ದರೂ ಸರ್ವರ್ ಅದರತ್ತ ನೋಡಬಾರದು. `user` ಸಂಖ್ಯೆಯನ್ನೂ ಹಾಗೆಯೇ ನಂಬುವಂತಿಲ್ಲ. 4182ರ ಬದಲು 4183 ಎಂದು ಬರೆದರೆ ಬೇರೊಬ್ಬರ ಖಾತೆ ತೆರೆದುಕೊಳ್ಳಬಾರದು. ಯಾರು ಕೇಳುತ್ತಿದ್ದಾರೆ ಎಂಬುದು ಲಾಗಿನ್ ಆದಾಗ ಸರ್ವರ್ ತಾನೇ ಕೊಟ್ಟ ಸೆಷನ್‌ನಿಂದ ಗೊತ್ತಾಗಬೇಕು. ಚಂದಾ ಇದೆಯೇ, ಎಂದಿಗೆ ಮುಗಿಯುತ್ತದೆ ಎಂಬುದು ಸರ್ವರ್‌ನ ಡೇಟಾಬೇಸ್‌ನಿಂದ ಗೊತ್ತಾಗಬೇಕು.

ಚಂದಾ ಇದ್ದರೆ ಸರ್ವರ್ ಧ್ವನಿಫೈಲಿಗೆ ಒಂದು ತಾತ್ಕಾಲಿಕ ಕೊಂಡಿ ಕೊಡುತ್ತದೆ. ಕೊಂಡಿಯಲ್ಲೇ ಅವಧಿ ಮುಗಿಯುವ ಸಮಯವೂ ಸರ್ವರ್‌ನ ಸಹಿಯೂ ಇರುತ್ತವೆ. ಅರ್ಧ ಗಂಟೆಯ ನಂತರ ಅದು ತೆರೆಯುವುದಿಲ್ಲ. ಸಮಯವನ್ನು ತಿದ್ದಿದರೆ ಸಹಿ ತಾಳೆಯಾಗುವುದಿಲ್ಲ. ಸಹಿಯ ಕೀಲಿ ಸರ್ವರ್‌ನಲ್ಲಿ ಮಾತ್ರ ಇರುವುದರಿಂದ `unknown6`ಗೆ ಬಂದ ಗತಿ ಇದಕ್ಕೆ ಬರದು. ತಿದ್ದಿದ ಆ್ಯಪ್‌ನಲ್ಲಿ `isPremium` ನೂರು ಸಲ ಹೌದು ಎಂದರೂ ಪರದೆಯ ಮೇಲೆ ಬೀಗದ ಚಿತ್ರ ಮಾಯವಾಗಬಹುದೇ ಹೊರತು ಕಥೆ ಕೇಳಿಸುವುದಿಲ್ಲ.

ಹಣ ಕಟ್ಟಿದ್ದಕ್ಕೆ ಸಾಕ್ಷಿಯನ್ನೂ ಇದೇ ರೀತಿ ಪರಿಶೀಲಿಸಬೇಕು. ಪ್ಲೇ ಸ್ಟೋರ್ ಮೂಲಕ ಚಂದಾ ಕೊಂಡಾಗ ಆ್ಯಪ್‌ಗೆ ಖರೀದಿ ಟೋಕನ್ ಎಂಬ ಉದ್ದನೆಯ ಸಂಕೇತ ಸಿಗುತ್ತದೆ. ಆ್ಯಪ್ ಅದನ್ನು ಸರ್ವರ್‌ಗೆ ಕಳಿಸಬೇಕು, ಸರ್ವರ್ ನೇರವಾಗಿ ಗೂಗಲ್‌ನ್ನೇ ಕೇಳಿ ಅದು ನಿಜವೇ ಎಂದು ಖಚಿತಪಡಿಸಿಕೊಳ್ಳಬೇಕು. ಇಷ್ಟು ಮಾಡಿದ ಮೇಲೂ ಒಂದು ತೂತು ಉಳಿಯುತ್ತದೆ. ಒಬ್ಬ ನಿಜವಾಗಿ 99 ರೂಪಾಯಿ ಕಟ್ಟಿ, ಆ ಒಂದೇ ಟೋಕನ್ನನ್ನು ತಿದ್ದಿದ ಆ್ಯಪ್‌ನೊಳಗೆ ಇಟ್ಟು ಸಾವಿರ ಜನರಿಗೆ ಹಂಚಬಹುದು. ಗೂಗಲ್ ಪ್ರತಿ ಸಲವೂ ‘ನಿಜ’ ಎಂದೇ ಹೇಳುತ್ತದೆ. ಆದ್ದರಿಂದ ಒಂದು ಟೋಕನ್ ಒಂದೇ ಖಾತೆಗೆ ಅಂಟಿಕೊಳ್ಳುವಂತೆ ಡೇಟಾಬೇಸ್‌ನಲ್ಲೇ ನಿಯಮ ಇಡಬೇಕು.

ಇನ್ನೊಂದು ಜಾಗ ಹಲವರ ಕಣ್ಣು ತಪ್ಪಿಸುತ್ತದೆ. ಯುಗಾದಿಗೆಂದು ಪ್ರತಿ ಖಾತೆಗೂ ಒಂದು ತಿಂಗಳ ಉಚಿತ ಕೂಪನ್ ಕೊಟ್ಟಿದ್ದೇವೆ ಎನ್ನಿ. ಕೂಪನ್ ಬಳಸಲಾಗಿದೆಯೇ ಎಂದು ಸರ್ವರ್ ಮೊದಲು ನೋಡುತ್ತದೆ, ಇಲ್ಲವಾದರೆ ಒಂದು ತಿಂಗಳು ಸೇರಿಸುತ್ತದೆ, ಆಮೇಲೆ ‘ಬಳಸಲಾಗಿದೆ’ ಎಂದು ಗುರುತು ಹಾಕುತ್ತದೆ. ಓದಲು ಸರಿಯಾಗಿಯೇ ಇದೆ. ಆದರೆ ತಿದ್ದಿದ ಆ್ಯಪ್ ಒಂದೇ ಕ್ಷಣದಲ್ಲಿ 20 ರಿಕ್ವೆಸ್ಟ್ ಒಟ್ಟಿಗೆ ಕಳಿಸಿದರೆ, ಗುರುತು ಬೀಳುವ ಮೊದಲೇ ಹಲವು ರಿಕ್ವೆಸ್ಟ್‌ಗಳು ‘ಬಳಸಿಲ್ಲ’ ಎಂಬ ಉತ್ತರ ಪಡೆದು ಮುಂದೆ ಹೋಗಿಬಿಡುತ್ತವೆ. ಅಸಲಿ ಆ್ಯಪ್‌ನಲ್ಲಿ ಗುಂಡಿ ಒಂದೇ ಸಲ ಒತ್ತಲು ಬರುವುದರಿಂದ ಪರೀಕ್ಷೆ ಮಾಡುವಾಗ ಈ ದೋಷ ಕಾಣುವುದೇ ಇಲ್ಲ. ನೋಡುವುದನ್ನೂ ಗುರುತು ಹಾಕುವುದನ್ನೂ ಒಂದೇ ಆಜ್ಞೆಯಲ್ಲಿ ಮುಗಿಸುವುದು ಇದಕ್ಕೆ ಪರಿಹಾರ:

```sql
UPDATE coupons SET used = 1
WHERE code = 'UGADI' AND user_id = 4182 AND used = 0;
```

20 ರಿಕ್ವೆಸ್ಟ್‌ಗಳು ಒಟ್ಟಿಗೆ ಬಂದರೂ ಒಂದಕ್ಕೆ ಮಾತ್ರ ‘ಒಂದು ಸಾಲು ಬದಲಾಯಿತು’ ಎಂಬ ಉತ್ತರ ಸಿಗುತ್ತದೆ. ಉಳಿದ 19ಕ್ಕೆ ‘ಸೊನ್ನೆ’ ಬರುತ್ತದೆ. ಒಂದು ಎಂದು ಬಂದವರಿಗೆ ಮಾತ್ರ ತಿಂಗಳು ಸೇರಿಸಬೇಕು.

ಪೋಕೆಮಾನ್ ಗೋದಂಥ ಆಟದಲ್ಲಿ ಕಷ್ಟ ಇನ್ನೂ ಹೆಚ್ಚು. ಆಟಗಾರ ಎಲ್ಲಿದ್ದಾನೆ ಎಂಬುದು ಯಾವ ಡೇಟಾಬೇಸ್‌ನಲ್ಲೂ ಇರುವುದಿಲ್ಲ, ಫೋನ್ ಹೇಳಿದ್ದೇ ಆಧಾರ. ಅಲ್ಲಿ ಸರ್ವರ್ ಮಾಡಬಹುದಾದದ್ದು ಒಂದು ಹೇಳಿಕೆಯನ್ನು ಹಿಂದಿನ ಹೇಳಿಕೆಯ ಜೊತೆ ತಾಳೆ ನೋಡುವುದು. ಬೆಂಗಳೂರಿನಲ್ಲಿ ಇದ್ದೇನೆ ಎಂದವನು 5 ನಿಮಿಷದ ನಂತರ ಮೈಸೂರಿನಲ್ಲಿ ಇದ್ದೇನೆ ಎಂದರೆ, ನೇರ ಗೆರೆಯಲ್ಲಿ ಸುಮಾರು 127 ಕಿ.ಮೀ. ದೂರವನ್ನು ಅವನು ಗಂಟೆಗೆ 1,500 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ದಾಟಿದಂತಾಯಿತು. ಪ್ರಯಾಣಿಕರ ವಿಮಾನವೂ ಅಷ್ಟು ವೇಗವಾಗಿ ಹಾರುವುದಿಲ್ಲ. ಹೀಗೆ ನೆಗೆದವರಿಗೆ ಕೆಲ ಹೊತ್ತು ಪ್ರಾಣಿಗಳು ಕೈಗೆ ಸಿಗದೆ ಓಡಿಹೋಗುತ್ತವೆ. ಆಟಗಾರರು ಇದನ್ನು ‘ಸಾಫ್ಟ್ ಬ್ಯಾನ್’ ಎನ್ನುತ್ತಾರೆ. ಈ ತಾಳೆಗೂ ಮಿತಿ ಇದೆ. ನಡೆಯುವ ವೇಗದಲ್ಲೇ ಸುಳ್ಳು ಹೇಳುತ್ತ ಹೋದವನನ್ನು ಇದು ಹಿಡಿಯದು. ಆದರೆ ಅಷ್ಟು ನಿಧಾನವಾಗಿ ಸುಳ್ಳು ಹೇಳುವವನಿಗೆ ಸಿಗುವ ಲಾಭವೂ ನಡೆದು ಆಡುವವನಷ್ಟಕ್ಕೇ ಇಳಿದುಬಿಡುತ್ತದೆ.

ಎಷ್ಟು ಕೇಳಬಹುದು ಎಂಬ ಮಿತಿ

ಮೇಲಿನ ಪರಿಶೀಲನೆಗಳು ‘ಇವನಿಗೆ ಇದನ್ನು ಕೇಳುವ ಹಕ್ಕಿದೆಯೇ’ ಎಂಬುದನ್ನು ನೋಡುತ್ತವೆ. ಹಕ್ಕಿದ್ದವನೇ ಮಿತಿಮೀರಿ ಕೇಳತೊಡಗಿದರೆ? 99 ರೂಪಾಯಿ ಕಟ್ಟಿದ ಒಬ್ಬ ಚಂದಾದಾರ ತಿದ್ದಿದ ಆ್ಯಪ್‌ನಿಂದ 5,000 ಕಥೆಗಳನ್ನೂ ಒಂದೇ ರಾತ್ರಿಯಲ್ಲಿ ಇಳಿಸಿಕೊಂಡು ಬೇರೆಡೆ ಹಾಕಿದರೆ? ಇಲ್ಲಿ ಬೇಕಾಗುವುದು ರೇಟ್ ಲಿಮಿಟ್, ಅಂದರೆ ಇಷ್ಟು ಹೊತ್ತಿನಲ್ಲಿ ಇಷ್ಟೇ ರಿಕ್ವೆಸ್ಟ್ ಎಂಬ ಮಿತಿ.

‘ನಿಮಿಷಕ್ಕೆ 30’ ಎಂದು ಸುಮ್ಮನೆ ಎಣಿಸುವುದು ಎಲ್ಲಕ್ಕಿಂತ ಸರಳ ವಿಧಾನ. ಅದರಲ್ಲಿ ಒಂದು ಸಂದು ಇದೆ. 10 ಗಂಟೆ 59ನೇ ಸೆಕೆಂಡಿನಲ್ಲಿ 30 ರಿಕ್ವೆಸ್ಟ್, ನಿಮಿಷ ಬದಲಾದ ಕೂಡಲೇ ಇನ್ನೂ 30 ಕಳಿಸಿದರೆ, ಎರಡೇ ಸೆಕೆಂಡಿನಲ್ಲಿ 60 ಒಳಗೆ ಬಂದಿರುತ್ತವೆ. ಹೀಗಾಗಿ ಹೆಚ್ಚಿನವರು ಟೋಕನ್ ಬಕೆಟ್ ಎಂಬ ವಿಧಾನ ಬಳಸುತ್ತಾರೆ. ಪ್ರತಿ ಖಾತೆಗೂ ಗರಿಷ್ಠ 20 ಟೋಕನ್‌ಗಳ ಒಂದು ಲೆಕ್ಕ ಇರುತ್ತದೆ. ಒಂದು ರಿಕ್ವೆಸ್ಟ್‌ಗೆ ಒಂದು ಟೋಕನ್ ಖರ್ಚು. ಎರಡು ಸೆಕೆಂಡಿಗೆ ಒಂದರಂತೆ ಟೋಕನ್ ಮತ್ತೆ ಜಮೆಯಾಗುತ್ತದೆ, ಆದರೆ 20 ದಾಟುವುದಿಲ್ಲ:

```python
tokens = min(20, tokens + (now - last) * 0.5)
last = now
if tokens < 1:
    return 429
tokens -= 1
```

20 ಎಂಬ ಗರಿಷ್ಠ ಮಿತಿಗೆ ಕಾರಣವಿದೆ. ಕೇಳುಗ ಆ್ಯಪ್ ತೆರೆದ ಕೂಡಲೇ ಮುಖಪುಟ, ಚಿತ್ರಗಳು, ಅರ್ಧ ಕೇಳಿ ಬಿಟ್ಟ ಕಥೆಯ ಪಟ್ಟಿ ಎಂದು ಒಟ್ಟಿಗೇ ಏಳೆಂಟು ರಿಕ್ವೆಸ್ಟ್ ಹೋಗುವುದು ಸಹಜ. ಅದಕ್ಕೆ ತಡೆ ಬೀಳಬಾರದು. ಮಿತಿ ಮೀರಿದಾಗ ಸರ್ವರ್ 429 ಎಂಬ ಉತ್ತರ ಕೊಡುತ್ತದೆ. ‘ತುಂಬ ಕೇಳುತ್ತಿದ್ದೀರಿ’ ಎನ್ನಲು ಅಂತರಜಾಲದ ನಿಯಮಾವಳಿಯಲ್ಲಿ 2012ರಲ್ಲಿ ಸೇರಿಸಿದ ಸಂಖ್ಯೆ ಇದು. ಜೊತೆಗೆ `Retry-After` ಎಂದು ಎಷ್ಟು ಸೆಕೆಂಡ್ ಕಾಯಬೇಕೆಂಬುದನ್ನೂ ತಿಳಿಸಬಹುದು. ಅಸಲಿ ಆ್ಯಪ್ ಅದನ್ನು ಓದಿ ಕಾಯುವಂತೆ ಬರೆದಿರಬೇಕು. ಇಲ್ಲದಿದ್ದರೆ ನಮ್ಮದೇ ಆ್ಯಪ್ ಸೋತಾಗಲೆಲ್ಲ ತಕ್ಷಣ ಮತ್ತೆ ಕೇಳುತ್ತ, ನಮ್ಮದೇ ಸರ್ವರ್ ಮೇಲೆ ದಾಳಿ ಮಾಡಿದಂತಾಗುತ್ತದೆ.

ಈಗ ಲೆಕ್ಕ ಹಾಕಿ ನೋಡೋಣ. ಎರಡು ಸೆಕೆಂಡಿಗೆ ಒಂದು ಎಂದರೆ ನಿಮಿಷಕ್ಕೆ 30. ಒಂದು ರಿಕ್ವೆಸ್ಟ್‌ಗೆ ಒಂದು ಕಥೆಯಂತೆ 5,000 ಕಥೆ ಇಳಿಸಲು ಎರಡೂಮುಕ್ಕಾಲು ಗಂಟೆ ಸಾಕು. ಸರ್ವರ್ ಕುಸಿಯುವುದು ತಪ್ಪಿತು, ಕಥೆಗಳು ಮಾತ್ರ ಉಳಿಯಲಿಲ್ಲ. ಅನೇಕರು ಎಡವುವುದು ಇಲ್ಲಿ. ಸೆಕೆಂಡಿನ ಮಿತಿ ಯಂತ್ರವನ್ನು ಕಾಯುತ್ತದೆ, ಸರಕನ್ನು ಕಾಯುವುದಿಲ್ಲ. ಸರಕಿಗೆ ದಿನದ ಮಿತಿ ಬೇಕು.

ದಿನದ ಮಿತಿ ಎಷ್ಟಿರಬೇಕು? ಬಾಯಿಗೆ ಬಂದ ಸಂಖ್ಯೆ ಇಡುವಂತಿಲ್ಲ, ಮನುಷ್ಯರ ಬಳಕೆಯಿಂದಲೇ ಅದು ಹೊರಡಬೇಕು. ಒಂದು ಕಥೆಗೆ 20 ನಿಮಿಷ. ನಿದ್ದೆಯಿಲ್ಲದೆ 24 ಗಂಟೆ ಕೇಳಿದರೂ 72 ಕಥೆ ದಾಟದು. ದೂರ ಪ್ರಯಾಣಕ್ಕೆ ಮುಂಚೆ ಒಂದಷ್ಟು ಇಳಿಸಿಟ್ಟುಕೊಳ್ಳುವವರು ಇರುತ್ತಾರೆ, ಅವರಿಗೂ 30–40 ಸಾಕು. ಹಾಗಾಗಿ ದಿನಕ್ಕೆ 60 ಕಥೆ ಎಂದು ಇಟ್ಟರೆ ನಿಜವಾದ ಕೇಳುಗರಿಗೆ ಮಿತಿ ಇದೆಯೆಂಬುದೇ ತಿಳಿಯುವುದಿಲ್ಲ. ಕದಿಯಲು ಬಂದವನಿಗೆ ಮಾತ್ರ 5,000 ಕಥೆ ಇಳಿಸಲು 84 ದಿನ ಬೇಕು. ಆ 84 ದಿನವೂ ಅವನ ಖಾತೆ ಮಿತಿಯ ಅಂಚಿಗೆ ತಾಗುತ್ತಲೇ ಇರುತ್ತದೆ, ಅಂದರೆ ಪ್ರತಿದಿನ ಕಣ್ಣಿಗೆ ಬೀಳುತ್ತಲೇ ಇರುತ್ತದೆ. 50 ಖಾತೆ ತೆರೆದರೆ ಎರಡು ದಿನದಲ್ಲಿ ಮುಗಿಸಬಹುದು ನಿಜ. ಆದರೆ ಪ್ರತಿ ಖಾತೆಗೂ 99 ರೂಪಾಯಿ, ಪ್ರತಿ ಖಾತೆಗೂ ಬೇರೆ ಮೊಬೈಲ್ ನಂಬರ್ ಬೇಕು. ಕಳ್ಳತನ ಅಸಾಧ್ಯವಾಗಲಿಲ್ಲ, ಲಾಭವಿಲ್ಲದ ಕೆಲಸವಾಯಿತು.

ಯಾರ ಹೆಸರಿನಲ್ಲಿ ಎಣಿಸುವುದು?

ಲಾಗಿನ್ ಆದವರನ್ನು ಖಾತೆಯ ಹೆಸರಿನಲ್ಲಿ ಎಣಿಸಬಹುದು. ಲಾಗಿನ್‌ಗೂ ಮೊದಲು, ಒಟಿಪಿ ಕೇಳುವ ಹಂತದಲ್ಲಿ, ಖಾತೆ ಎಂಬುದೇ ಇರುವುದಿಲ್ಲ. ಆಗ ಐಪಿ ವಿಳಾಸದ ಮೇಲೆ ಎಣಿಸೋಣ ಎಂದು ಸಾಮಾನ್ಯವಾಗಿ ತೋಚುತ್ತದೆ. ಭಾರತದಲ್ಲಿ ಇದು ಜೋಕೆಯಿಂದ ಮಾಡಬೇಕಾದ ಕೆಲಸ. ಐಪಿವಿ4 ವಿಳಾಸಗಳು ಸಾಲದ್ದರಿಂದ ಮೊಬೈಲ್ ಕಂಪನಿಗಳು ಬಹಳಷ್ಟು ಫೋನುಗಳನ್ನು ಒಂದೇ ವಿಳಾಸದ ಹಿಂದೆ ಇಡುತ್ತವೆ. ಒಬ್ಬನ ತಪ್ಪಿಗೆ ಆ ವಿಳಾಸವನ್ನು ತಡೆದರೆ ಅದರ ಹಿಂದಿರುವ ಅಮಾಯಕರೆಲ್ಲರಿಗೂ ಬಾಗಿಲು ಮುಚ್ಚಿದಂತೆ. ಐಪಿವಿ6ರಲ್ಲಿ ಸಮಸ್ಯೆ ತಿರುವುಮುರುವು. ಒಂದೇ ಫೋನಿಗೆ ಎಣಿಸಲಾಗದಷ್ಟು ವಿಳಾಸಗಳಿರುತ್ತವೆ, ಪ್ರತಿ ರಿಕ್ವೆಸ್ಟ್‌ಗೂ ಹೊಸ ವಿಳಾಸ ಬಳಸಬಹುದು. ಅಲ್ಲಿ ವಿಳಾಸದ ಮೊದಲ 64 ಬಿಟ್‌ಗಳನ್ನು ಮಾತ್ರ ನೋಡಿ ಎಣಿಸುವುದು ರೂಢಿ. ಹಾಗಾಗಿ ಐಪಿ ಮಿತಿಯನ್ನು ಸಡಿಲವಾಗಿ ಇಟ್ಟು, ಬಿಗಿಯಾದ ಮಿತಿಯನ್ನು ಬೇರೆ ಗುರುತುಗಳ ಮೇಲೆ ಇಡಬೇಕು.

ಒಟಿಪಿ ವಿಷಯದಲ್ಲಿ ಆ ಗುರುತು ಮೊಬೈಲ್ ನಂಬರ್. ಒಂದು ನಂಬರಿಗೆ ನಿಮಿಷಕ್ಕೆ ಒಂದು, ದಿನಕ್ಕೆ ಐದು ಒಟಿಪಿ ಎಂಬಂಥ ಮಿತಿ ಇಲ್ಲದಿದ್ದರೆ ಅನಾಹುತವಾಗುತ್ತದೆ. ಪ್ರತಿ ಎಸ್ಸೆಮ್ಮೆಸ್‌ಗೂ ಆ್ಯಪ್ ನಡೆಸುವವರೇ ಹಣ ಕಟ್ಟುತ್ತಾರೆ. ‘ಎಸ್ಸೆಮ್ಮೆಸ್ ಬಾಂಬರ್’ ಎಂಬ ಕಿಡಿಗೇಡಿ ಸಾಧನಗಳು ಮಿತಿಯಿಲ್ಲದ ಇಂಥ ಸರ್ವರ್‌ಗಳನ್ನೇ ಹುಡುಕಿ, ಯಾರೋ ಒಬ್ಬರ ನಂಬರಿಗೆ ನೂರಾರು ಒಟಿಪಿ ಸುರಿಸುತ್ತವೆ.

ಒಟಿಪಿ ಪರೀಕ್ಷಿಸುವ ಬಾಗಿಲಿಗೂ ಮಿತಿ ಬೇಕು. ನಾಲ್ಕು ಅಂಕಿಯ ಒಟಿಪಿಯಲ್ಲಿ ಇರುವುದು 10,000 ಸಾಧ್ಯತೆ. ಸೆಕೆಂಡಿಗೆ 100 ಸಲ ಊಹಿಸಲು ಬಿಟ್ಟರೆ 100 ಸೆಕೆಂಡಿನಲ್ಲಿ ಯಾರ ಖಾತೆಯನ್ನಾದರೂ ತೆರೆಯಬಹುದು. ಐದು ತಪ್ಪು ಊಹೆಯ ನಂತರ ಆ ಒಟಿಪಿ ರದ್ದಾಗುವಂತಿದ್ದರೆ ಗೆಲ್ಲುವ ಸಾಧ್ಯತೆ 2,000ದಲ್ಲಿ ಒಂದು. ಆರು ಅಂಕಿಯಾದರೆ ಎರಡು ಲಕ್ಷದಲ್ಲಿ ಒಂದು.

ಇದು ಬರೀ ಲೆಕ್ಕದ ಮಾತಲ್ಲ. 2016ರಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಭದ್ರತಾ ಎಂಜಿನಿಯರ್ ಆನಂದ್ ಪ್ರಕಾಶ್ ಫೇಸ್‌ಬುಕ್‌ನಲ್ಲಿ ಇದೇ ಬಗೆಯ ದೋಷ ಪತ್ತೆ ಮಾಡಿದರು. ಪಾಸ್‌ವರ್ಡ್ ಮರೆತವರಿಗೆ ಬರುವ ಆರು ಅಂಕಿಯ ಸಂಕೇತವನ್ನು ಮುಖ್ಯ ತಾಣದಲ್ಲಿ ಹತ್ತು ಹನ್ನೆರಡು ಸಲ ತಪ್ಪಾಗಿ ಊಹಿಸಿದರೆ ತಡೆ ಬೀಳುತ್ತಿತ್ತು. `beta.facebook.com` ಎಂಬ ಪ್ರಯೋಗದ ತಾಣದಲ್ಲಿ ಆ ತಡೆ ಇರಲಿಲ್ಲ. ಅವರು ತಮ್ಮದೇ ಖಾತೆಯ ಮೇಲೆ ಪ್ರಯೋಗಿಸಿ ತೋರಿಸಿದರು. ಫೇಸ್‌ಬುಕ್ ದೋಷ ಸರಿಪಡಿಸಿ ಅವರಿಗೆ 15,000 ಡಾಲರ್ ಬಹುಮಾನ ಕೊಟ್ಟಿತು. ಮುಂಬಾಗಿಲಿಗೆ ಮಿತಿ ಇಟ್ಟು ಹಿತ್ತಿಲ ಬಾಗಿಲನ್ನು ಮರೆಯುವುದು ಅಷ್ಟು ದೊಡ್ಡವರಲ್ಲೂ ಆಗುತ್ತದೆ. ತಿದ್ದಿದ ಆ್ಯಪ್ ಬಳಸುವವನು ಹುಡುಕುವುದೂ ಅದನ್ನೇ: ಹಳೆಯ ಆವೃತ್ತಿಗೆಂದು ಹಾಗೆಯೇ ಉಳಿಸಿದ ದಾರಿ, ಪರೀಕ್ಷೆಗೆಂದು ತೆರೆದು ಮುಚ್ಚದ ದಾರಿ.

ಗುರುತಿಸುವುದು ಹೇಗೆ?

ತಿದ್ದಿದ ಪ್ರತಿ ತನ್ನನ್ನು ತಾನೇ ಹೇಳಿಕೊಳ್ಳುವುದಿಲ್ಲ. ಆದರೆ ಸರ್ವರ್‌ನ ಲಾಗ್‌ಗಳಲ್ಲಿ ಅದರ ನಡೆ ಬೇರೆಯಾಗಿ ಕಾಣುತ್ತದೆ. ಮನುಷ್ಯರು ಮುಖಪುಟ ತೆರೆದು, ಹುಡುಕಿ, ಒಂದು ಕಥೆ ಒತ್ತಿ, ನಡುವೆ ನಿಲ್ಲಿಸಿ, ಮತ್ತೆ ಮುಂದುವರಿಸುತ್ತಾರೆ. ಕಥೆ ಇಳಿಸುವ ಪ್ರೋಗ್ರಾಂ ಮುಖಪುಟವನ್ನೇ ಕೇಳದೆ 1, 2, 3 ಎಂದು ಕಥೆಗಳನ್ನು ಸಾಲಾಗಿ ಕೇಳುತ್ತದೆ. ಎರಡು ರಿಕ್ವೆಸ್ಟ್‌ಗಳ ನಡುವಿನ ಅಂತರ ಗಡಿಯಾರದಂತೆ ಸಮನಾಗಿರುತ್ತದೆ. ರಾತ್ರಿ ಮೂರಕ್ಕೂ ಹಗಲಿನಷ್ಟೇ ಚುರುಕು ಇರುತ್ತದೆ. ಯಾವ ಖಾತೆಗೆ 429 ಉತ್ತರ ಹೆಚ್ಚು ಹೋಗುತ್ತಿದೆ ಎಂಬ ಒಂದು ಪಟ್ಟಿಯನ್ನು ದಿನವೂ ನೋಡಿದರೆ ಇಂಥವರು ಬೇಗ ಎದ್ದು ಕಾಣುತ್ತಾರೆ.

ಅದೇ ಪಟ್ಟಿಯಲ್ಲಿ ಪ್ರಾಮಾಣಿಕರ ಹೆಸರೂ ಬರಬಹುದು. ಒಂದೇ ಖಾತೆಯಿಂದ ತರಗತಿಗೆಲ್ಲ ಕಥೆ ಕೇಳಿಸುವ ಮೇಷ್ಟ್ರು ಇರಬಹುದು. ಹಾಗಾಗಿ ಹೊಸ ಮಿತಿಯನ್ನು ಮೊದಲ ಒಂದು ವಾರ ಜಾರಿ ಮಾಡಬಾರದು. ಜಾರಿಯಲ್ಲಿದ್ದಿದ್ದರೆ ಯಾರಿಗೆ ತಡೆ ಬೀಳುತ್ತಿತ್ತು ಎಂದು ಲಾಗ್‌ನಲ್ಲಿ ಬರೆದಿಟ್ಟು, ಅವರ ಬಳಕೆಯನ್ನು ಒಬ್ಬೊಬ್ಬರದಾಗಿ ನೋಡಿ, ಸಂಖ್ಯೆಯನ್ನು ಸರಿಹೊಂದಿಸಿ, ಆಮೇಲೆ ಜಾರಿ ಮಾಡಬೇಕು.

ಅಸಲಿ ಆ್ಯಪ್ ಹೌದೋ ಅಲ್ಲವೋ ಎಂದು ಹೇಳುವ ಸೇವೆಗಳೂ ಇವೆ. ಗೂಗಲ್‌ನ ಪ್ಲೇ ಇಂಟೆಗ್ರಿಟಿ ಸೇವೆಯನ್ನು ಕೇಳಿದರೆ, ಪ್ಲೇ ಸ್ಟೋರ್‌ನಲ್ಲಿರುವ ಪ್ರತಿಗೆ `PLAY_RECOGNIZED` ಎಂದೂ, ತಿದ್ದಿದ ಪ್ರತಿಗೆ `UNRECOGNIZED_VERSION` ಎಂದೂ ತೀರ್ಪು ಬರುತ್ತದೆ. ಆಪಲ್‌ನಲ್ಲಿ ಆ್ಯಪ್ ಅಟೆಸ್ಟ್ ಎಂಬುದಿದೆ. ತೀರ್ಪನ್ನು ಆ್ಯಪ್‌ನೊಳಗೆ ಓದಿದರೆ ಪ್ರಯೋಜನವಿಲ್ಲ, ಆ ಸಾಲನ್ನೂ ತಿದ್ದಿಬಿಡುತ್ತಾರೆ. ಅದನ್ನು ಸರ್ವರ್‌ನಲ್ಲೇ ಬಿಡಿಸಿ ಓದಬೇಕು. ಆಗಲೂ ಅದೇ ಕೊನೆಯ ಮಾತಲ್ಲ. ಫೋನಿನ ವ್ಯವಸ್ಥೆಯನ್ನೇ ಒಡೆದವರು ಇದನ್ನು ತಪ್ಪಿಸುವ ದಾರಿ ಹುಡುಕುತ್ತಲೇ ಇರುತ್ತಾರೆ. ಗೂಗಲ್ ಸೇವೆಗಳೇ ಇಲ್ಲದ ಫೋನ್ ಬಳಸುವ ಪ್ರಾಮಾಣಿಕರೂ ಇದ್ದಾರೆ. ತೀರ್ಪು ಅನುಮಾನ ಹುಟ್ಟಿಸಿದರೆ ಬಾಗಿಲು ಮುಚ್ಚುವ ಬದಲು ಮಿತಿಯನ್ನು ಬಿಗಿಗೊಳಿಸುವುದು ಒಳ್ಳೆಯದು: ದಿನಕ್ಕೆ 60ರ ಬದಲು 15 ಕಥೆ. ಕೇಳುಗನಿಗೆ ಅಷ್ಟು ಸಾಕು, ಕಳ್ಳನಿಗೆ ಸಾಲದು.

ತಿದ್ದಿದ ಆ್ಯಪ್ ಬಳಸುವವರಿಗೂ ಒಂದು ಮಾತು. `isPremium` ಸಾಲನ್ನು ತಿದ್ದಿದವನು ಅಲ್ಲಿಗೇ ನಿಲ್ಲಿಸಿದ್ದಾನೆ ಎನ್ನಲು ಯಾವ ಆಧಾರವೂ ಇಲ್ಲ. ನಿಮ್ಮ ಪಾಸ್‌ವರ್ಡ್, ಒಟಿಪಿ, ಸಂಪರ್ಕಗಳ ಪಟ್ಟಿಯನ್ನು ಬೇರೆಡೆ ಕಳಿಸುವ ಸಾಲನ್ನು ಸೇರಿಸುವುದೂ ಅಷ್ಟೇ ಸುಲಭ. 99 ರೂಪಾಯಿ ಉಳಿಸಲು ಹೋಗಿ ಬ್ಯಾಂಕ್ ಖಾತೆಯನ್ನು ಅಪಾಯಕ್ಕೆ ಒಡ್ಡಬೇಡಿ.

ಆ್ಯಪ್ ಕಟ್ಟುವವರಲ್ಲಿ ಕೇಳಿಕೊಳ್ಳುವುದು ಇಷ್ಟು. ನಿಮ್ಮ ಸರ್ವರ್‌ನಲ್ಲಿರುವ ದಾರಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ, ಹಳೆಯವನ್ನೂ ಪರೀಕ್ಷೆಯವನ್ನೂ ಬಿಡಬೇಡಿ. ಪ್ರತಿಯೊಂದರ ಮುಂದೆ ಎರಡು ಪ್ರಶ್ನೆ ಹಾಕಿಕೊಳ್ಳಿ: ಇಲ್ಲಿ ಆ್ಯಪ್‌ನ ಮಾತನ್ನು ಪರಿಶೀಲಿಸದೆ ನಂಬುತ್ತಿದ್ದೇನೆಯೇ? ಇದನ್ನು ಯಾರಾದರೂ ಒಂದು ದಿನದಲ್ಲಿ ಲಕ್ಷ ಸಲ ಕೇಳಿದರೆ ಏನಾಗುತ್ತದೆ? ಉತ್ತರ ಸಮಾಧಾನ ಕೊಡದ ದಾರಿಯನ್ನು ಮುಂದಿನ ಆವೃತ್ತಿ ಬಿಡುಗಡೆಯಾಗುವ ಮೊದಲೇ ಸರಿಪಡಿಸಿ.